ಕೊಳ್ಳುವವರ ಸಾಲು ಉದ್ದವಿದ್ದರೆ ಬೆಲೆ ಏರುತ್ತದೆಯೇ?

ಟ್ರೇಡಿಂಗ್ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆದು, ಒಟ್ಟು ಖರೀದಿ ಮತ್ತು ಒಟ್ಟು ಮಾರಾಟದ ಅಂಕಿಗಳನ್ನು ಹೋಲಿಸಿ, ಖರೀದಿ ಜಾಸ್ತಿ ಇದ್ದರೆ ಷೇರು ಏರಲೇಬೇಕು ಎಂದು ದುಡ್ಡು ಹಾಕುವವರಿದ್ದಾರೆ. ಇದನ್ನೇ ತಂತ್ರವೆಂದು ಹೇಳಿಕೊಡುವವರನ್ನು ಕಂಡರೆ ತಾಳ್ಮೆ ಕೆಡುತ್ತದೆ. 400 ರೂಪಾಯಿಯ ಷೇರೊಂದಕ್ಕೆ ಖರೀದಿ 8 ಲಕ್ಷ, ಮಾರಾಟ 3 ಲಕ್ಷ ಎಂದಿಟ್ಟುಕೊಳ್ಳಿ. ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಎರಡೂ ಬದಿಯ ಐದೈದು ಬೆಲೆ. ಆ 8 ಲಕ್ಷದಲ್ಲಿ 6 ಲಕ್ಷ 385ಕ್ಕಿಂತ ಕೆಳಗೆ ಕೂತಿದ್ದರೂ ನಿಮಗೆ ತಿಳಿಯದು. ಅವರೆಲ್ಲ ‘ಇಳಿದರೆ ಕೊಳ್ಳುತ್ತೇವೆ’ ಎನ್ನುವವರು, ಅಂದರೆ ಇವತ್ತಿನ ಬೆಲೆಯನ್ನು ಒಪ್ಪದವರು. ಬೆಲೆ ಏರಬೇಕಾದರೆ ಯಾರಾದರೂ ಮಾರುವವನು ಕೇಳಿದ ಬೆಲೆಗೇ ಕೊಳ್ಳಬೇಕು. 400.05ಕ್ಕೆ 1,200, 400.10ಕ್ಕೆ 900 ಷೇರು ಮಾರಾಟಕ್ಕಿದ್ದರೆ, 2,100 ಷೇರಿನ ಒಂದೇ ಮಾರ್ಕೆಟ್ ಆರ್ಡರ್ ಎರಡನ್ನೂ ಖಾಲಿ ಮಾಡುತ್ತದೆ. ಆ ಆರ್ಡರ್ ಅರೆಕ್ಷಣದ ಹಿಂದೆ ಯಾವ ಸಾಲಿನಲ್ಲೂ ಇರಲಿಲ್ಲ.

399.50ರಲ್ಲಿ 40,000 ಷೇರಿನ ಖರೀದಿ ಆರ್ಡರ್ ಕಂಡರೆ ‘ಗಟ್ಟಿ ಸಪೋರ್ಟ್’ ಎನ್ನುತ್ತಾರೆ. ದೊಡ್ಡ ಪ್ರಮಾಣದಲ್ಲಿ ಮಾರಬೇಕಾದವನಿಗೆ ಅದು ತನ್ನ ಮಾಲನ್ನು ಬೆಲೆ ಕೆಡದಂತೆ ಸುರಿಯಲು ಸಿಕ್ಕ ಜಾಗ. ಮೇಲಾಗಿ ಆರ್ಡರ್ ಹಾಕಿದವನು ಅದನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಲಂಡನ್ನಿನ ನವಿಂದರ್ ಸರಾವೊ ಅಮೆರಿಕದ ಇ-ಮಿನಿ ಫ್ಯೂಚರ್ಸ್‌ನಲ್ಲಿ ಮಾಡಿದ್ದು ಇದನ್ನೇ. ಅವನ ಭಾರೀ ಮಾರಾಟ ಆರ್ಡರ್‌ಗಳು ಚಾಲ್ತಿ ಬೆಲೆಗಿಂತ ಕೆಲವು ಮೆಟ್ಟಿಲು ಮೇಲೆಯೇ ನಿಂತು, ಬೆಲೆ ಸರಿದಂತೆ ತಾವೂ ಸರಿಯುತ್ತಿದ್ದವು. ಕಾಣಬೇಕು, ವ್ಯವಹಾರವಾಗಬಾರದು ಎಂಬುದೇ ಅವುಗಳ ಉದ್ದೇಶ. ಆ ಮಾರುಕಟ್ಟೆ ದಿಢೀರನೆ ಕುಸಿದ 2010ರ ಮೇ 6ರಂದೂ ಅವು ಸಾಲಿನಲ್ಲಿದ್ದವು. 2016ರಲ್ಲಿ ಅವನು ತಪ್ಪೊಪ್ಪಿಕೊಂಡ. ನಿಜವಾದ ದೊಡ್ಡ ಗಿರಾಕಿ ಇದಕ್ಕೆ ತದ್ವಿರುದ್ಧ, ಮರೆಯಲ್ಲಿರುತ್ತಾನೆ. ಡಿಸ್‌ಕ್ಲೋಸ್ಡ್ ಕ್ವಾಂಟಿಟಿ ಬಳಸಿದರೆ 10,000 ಷೇರಿನ ಆರ್ಡರ್ ಸಾಲಿನಲ್ಲಿ 1,000 ಎಂದಷ್ಟೇ ಕಾಣಬಹುದು. ಟ್ರಿಗರ್ ಆಗದ ಸ್ಟಾಪ್‌ಲಾಸ್ ಆರ್ಡರ್‌ಗಳಂತೂ ಕಾಣುವುದೇ ಇಲ್ಲ.

ಹಾಗಾದರೆ ಡೆಪ್ತ್ ನೋಡುವುದೇ ದಂಡವೇ ಎಂದು ಕೇಳಬಹುದು. ಇಲ್ಲ. ಅತ್ಯುತ್ತಮ ಖರೀದಿ ಮತ್ತು ಮಾರಾಟ ಬೆಲೆಗಳಲ್ಲಿ ಆರ್ಡರ್‌ಗಳು ಸೇರುವ, ಕರಗುವ ಅಸಮತೋಲನಕ್ಕೂ ಬೆಲೆಯ ಅಲ್ಪಾವಧಿ ಚಲನೆಗೂ ನಂಟಿದೆ ಎಂದು ರಾಮಾ ಕಾಂಟ್ ಮತ್ತು ಸಂಗಡಿಗರ ಸಂಶೋಧನೆ ತೋರಿಸಿದೆ. ಆದರೆ ಅದು ಕೆಲವು ಸೆಕೆಂಡುಗಳ, ಒಂದೆರಡು ಮೆಟ್ಟಿಲುಗಳ ಮಾತು. ಕೈಯಲ್ಲಿ ಫೋನ್ ಹಿಡಿದವನಿಗೆ ಬ್ರೋಕರೇಜ್, ತೆರಿಗೆ ಕಳೆದರೆ ಉಳಿಯುವುದು ಸೊನ್ನೆ. ನೋಡುವುದಾದರೆ ಬೆಲೆ ಹತ್ತಿರ ಬಂದಾಗ ಆ 40,000 ಏನಾಗುತ್ತದೆಂದು ನೋಡಿ. ವಹಿವಾಟೇ ಆಗದೆ ಮಾಯವಾದರೆ ಅದನ್ನು ಬೇಡಿಕೆಯೆಂದು ಎಣಿಸಬೇಡಿ. 400.05ರಲ್ಲಿ 5,000 ಷೇರು ಕೈಬದಲಾದ ಮೇಲೂ ಮಾರಾಟದ ಸಾಲು ಮತ್ತೆ ಮತ್ತೆ 1,000 ಎಂದೇ ತೋರಿಸುತ್ತಿದ್ದರೆ, ಮರೆಯಲ್ಲಿ ದೊಡ್ಡ ಮಾರಾಟಗಾರನೊಬ್ಬ ನಿಂತಿರುವ ಸಾಧ್ಯತೆ ಹೆಚ್ಚು.