ಮ್ಯೂನಿಕ್‌ಗೆ ಹೋದ ಜೋಯಿಸರ ಪತ್ರ

ಹಾಸನದ ಹಿರಿಯ ಜೋಯಿಸರೊಬ್ಬರು ಕಳೆದ ಡಿಸೆಂಬರ್‌ನಲ್ಲಿ ಜರ್ಮನಿಯ ಹುಡುಗನೊಬ್ಬನಿಗೆ ಬರೆದ ಪತ್ರದ ಮೊದಲ ಸಾಲಿನಲ್ಲಿ ಗ್ರಹಗಳ ಸುದ್ದಿಯೇ ಇರಲಿಲ್ಲ. "ಮಗೂ, ಆಸ್ಪತ್ರೆಯ ಚೀಟಿಯಲ್ಲಿ ನೀನು ಹುಟ್ಟಿದ್ದು ಬೆಳಗ್ಗೆ 7.10ಕ್ಕೆ ಅಂತಿದೆ, ನಿಮ್ಮಮ್ಮ 7.40 ಅನ್ನುತ್ತಾರೆ. ನಾನು ಚೀಟಿಯನ್ನೇ ಹಿಡಿದಿದ್ದೇನೆ" ಎಂದು ಅವರು ಶುರು ಮಾಡಿದ್ದರು.

ಅರ್ಧ ಗಂಟೆಗೆ ಇಷ್ಟೇಕೆ ಚಿಂತೆ? ವಿಂಶೋತ್ತರಿ ದಶೆಯ ಲೆಕ್ಕ ನಿಂತಿರುವುದೇ ಹುಟ್ಟಿದ ಹೊತ್ತಿಗೆ ಚಂದ್ರ ನಕ್ಷತ್ರದಲ್ಲಿ ಎಷ್ಟು ದೂರ ಸಾಗಿದ್ದ ಎಂಬುದರ ಮೇಲೆ. ಹುಡುಗನದು ಸ್ವಾತಿ ನಕ್ಷತ್ರ, ತುಲಾ ರಾಶಿ, ವೃಷಭ ಲಗ್ನ. ಸ್ವಾತಿಯ ಒಡೆಯ ರಾಹು, ಅವನ ದಶೆ 18 ವರ್ಷ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತಾನೆ. ಅಂದರೆ ಆಕಾಶದ ಒಂದು ದಿನ ಜಾತಕದಲ್ಲಿ 18 ವರ್ಷ. ಅರ್ಧ ಗಂಟೆ ತಪ್ಪಿದರೆ ಮುಂದಿನ ದಶೆಗಳೆಲ್ಲ ನಾಲ್ಕೂವರೆ ತಿಂಗಳು ಆಚೀಚೆ ಆಗುತ್ತವೆ.

1996ರ ಮೇ ತಿಂಗಳಲ್ಲಿ ಹುಡುಗ ಹುಟ್ಟಿದಾಗ ಚಂದ್ರ ಸ್ವಾತಿಯ ಅರ್ಧ ದಾರಿ ಸವೆಸಿದ್ದ. ಹಾಗಾಗಿ ಉಳಿದ ರಾಹು ದಶೆ 9 ವರ್ಷ. ಆಮೇಲೆ ಗುರು ದಶೆ 16 ವರ್ಷ, ಅಲ್ಲಿಗೆ ವಯಸ್ಸು 25. ಅಲ್ಲಿಂದ 19 ವರ್ಷದ ಶನಿ ದಶೆ. ಅದರೊಳಗೆ ಮೊದಲ ಮೂರು ವರ್ಷ ಶನಿಯದೇ ಭುಕ್ತಿ, ನಂತರ 2 ವರ್ಷ 8 ತಿಂಗಳು ಬುಧ ಭುಕ್ತಿ. ಇದು 2027ರ ಜನವರಿವರೆಗೂ ನಡೆಯುತ್ತದೆ.

ವೃಷಭ ಲಗ್ನಕ್ಕೆ ಶನಿ ಒಂಬತ್ತು ಮತ್ತು ಹತ್ತನೇ ಮನೆಗಳ ಒಡೆಯ, ಅಂದರೆ ಭಾಗ್ಯಕ್ಕೂ ಉದ್ಯೋಗಕ್ಕೂ ಅವನೇ ಯಜಮಾನ. ಈ ಜಾತಕದಲ್ಲಿ ಅವನು ಕೂತಿರುವುದು ಹನ್ನೊಂದನೇ ಮನೆಯಾದ ಮೀನದಲ್ಲಿ, ಲಾಭಸ್ಥಾನದಲ್ಲಿ. ಧನಾಧಿಪತಿ ಬುಧ ಲಗ್ನದಲ್ಲೇ ಇದ್ದಾನೆ. "ಶನಿ ದಶೆ ಅಂತ ಅಮ್ಮ ಹೆದರಿದ್ದಾರೆ. ನಿನಗೆ ಅವನು ಬಡಿಯುವವನಲ್ಲ, ದುಡಿಸಿ ಕೂಲಿ ಕೊಡುವವನು" ಎಂದು ಜೋಯಿಸರು ಸಮಾಧಾನ ಹೇಳಿದ್ದಾರೆ.

ಕೆಲಸ ಬದಲಿಸಲು ದಶೆ ಒಪ್ಪಿದರೂ ಗೋಚಾರ ತಿಂಗಳು ಹೇಳಬೇಕು. 2025ರ ಮಾರ್ಚ್ 29ರಂದು ಮೀನಕ್ಕೆ ಬಂದ ಶನಿ ತುಲಾ ರಾಶಿಗೆ ಆರನೆಯವನು, ಶುಭ. ತಂಟೆ ಗುರುವಿನದು. ಅಕ್ಟೋಬರ್ 18ಕ್ಕೆ ಕರ್ಕಾಟಕಕ್ಕೆ ಹಾರಿದ ಗುರು ಡಿಸೆಂಬರ್ 5ಕ್ಕೆ ವಕ್ರಗತಿಯಲ್ಲಿ ಮಿಥುನಕ್ಕೆ ಮರಳಿದ. ಮಿಥುನ ತುಲೆಗೆ ಒಂಬತ್ತನೆಯದು, ಒಳ್ಳೆಯದು. ಕರ್ಕಾಟಕ ಹತ್ತನೆಯದು, ಸಂಪ್ರದಾಯದಲ್ಲಿ ಅದಕ್ಕೆ ಸ್ಥಾನಪಲ್ಲಟದ ಹೆಸರು. ಜೂನ್ ಆರಂಭದಲ್ಲಿ ಗುರು ಮತ್ತೆ ಕರ್ಕಾಟಕಕ್ಕೆ ಹೋಗುವುದರಿಂದ, ಆ ಹೊತ್ತಿಗೆ ಹೊಸ ಕುರ್ಚಿಯಲ್ಲಿ ಕೂತಿರುವುದೇ ಲೇಸು ಎಂಬುದು ಅವರ ತೀರ್ಮಾನ.

ಪತ್ರದ ನಿಜವಾದ ಪ್ರಾಮಾಣಿಕತೆ ಇರುವುದು ಇದರ ನಂತರದ ಭಾಗದಲ್ಲಿ. ಹುಡುಗ ಮೊಬೈಲ್ ಆ್ಯಪ್‌ನಲ್ಲಿ ನೋಡಿದಾಗ ಅವನಿಗೆ ಕಂಡಿದ್ದು ಬುಧ ಭುಕ್ತಿಯಲ್ಲ, ಕೇತು ಭುಕ್ತಿ. ಬಿಡುಗಡೆಯ, ಬೇಸರದ ಕಾಲ. ಆ್ಯಪ್ ಕೆಟ್ಟಿರಲಿಲ್ಲ. ಸರ್ಕಾರಿ ಪಂಚಾಂಗ ಬಳಸುವ ಲಾಹಿರಿ ಅಯನಾಂಶದ ಬದಲು ಅದರಲ್ಲಿ ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಆಯ್ಕೆಯಾಗಿತ್ತು. ಎರಡಕ್ಕೂ ವ್ಯತ್ಯಾಸ ಸುಮಾರು ಒಂದೂವರೆ ಡಿಗ್ರಿ. ಸ್ವಾತಿಯಲ್ಲಿ ಹುಟ್ಟಿದವರಿಗೆ ಅದು ಸುಮಾರು ಎರಡು ವರ್ಷ! ಗೋಚಾರದಲ್ಲೂ ಇದೇ ಪಾಡು: ವಾಕ್ಯ ಪಂಚಾಂಗ ಅನುಸರಿಸುವ ತಿರುನಳ್ಳಾರಿನ ದೇಗುಲದವರಿಗೆ ಶನಿ ಮೀನಕ್ಕೆ ಬರುವುದು 2026ರ ಮಾರ್ಚ್ 6ಕ್ಕೆ.

ಜೋಯಿಸರು ವಾದಕ್ಕೆ ಇಳಿಯಲಿಲ್ಲ. ರಾಮನ್ ಲೆಕ್ಕದಲ್ಲೂ ಕೇತು ಭುಕ್ತಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ ಎಂದು ತೋರಿಸಿ, "ಯಾವ ದಾರಿಯಲ್ಲಿ ಬಂದರೂ ಏಪ್ರಿಲ್‌ಗೆ ತಕರಾರಿಲ್ಲ" ಎಂದು ಬರೆದರು.

ಇದನ್ನು ನಂಬಬೇಕೇ ಎಂದು ಕೇಳುವವರಿಗೆ ಒಂದು ಪರೀಕ್ಷೆಯ ಕಥೆಯಿದೆ. ಖಗೋಳ ವಿಜ್ಞಾನಿ ಜಯಂತ ನಾರ್ಲಿಕರ್ ಮತ್ತು ಸಂಗಡಿಗರು ಪುಣೆಯಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಜಾಣ ಮಕ್ಕಳದು ಯಾವುದು, ಬುದ್ಧಿಮಾಂದ್ಯ ಮಕ್ಕಳದು ಯಾವುದು ಹೇಳಿ ಎಂದಿದ್ದರು. ಸರಿಯಾಗಿದ್ದು ಸರಾಸರಿ 46 ಪ್ರತಿಶತ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಎರಡು ಅಯನಾಂಶಗಳಲ್ಲಿ ಎರಡು ಭವಿಷ್ಯ ಹೇಳುವ ಶಾಸ್ತ್ರವನ್ನು ಹವಾಮಾನ ವರದಿಯಂತೆ ಓದುವುದು ಸರಿಯಲ್ಲ.

ಜೋಯಿಸರಿಗೂ ಅದು ಗೊತ್ತಿದ್ದಂತಿದೆ. ಪತ್ರದ ಕೊನೆಯಲ್ಲಿ ಅವರು ಪೂಜೆ ಹೇಳಿಲ್ಲ, ಹರಳು ಹೇಳಿಲ್ಲ. "ಹೊಸ ಕಂಪನಿಯ ಕರಾರು ಕೈಗೆ ಬರುವ ತನಕ ಹಳೆಯದಕ್ಕೆ ರಾಜೀನಾಮೆ ಕೊಡಬೇಡ. ನಿನ್ನ ಬ್ಲೂ ಕಾರ್ಡ್‌ಗೆ 12 ತಿಂಗಳು ತುಂಬಿದೆಯೇ ನೋಡು, ಇಲ್ಲದಿದ್ದರೆ ಅಲ್ಲಿನ ವಿದೇಶಿಯರ ಕಚೇರಿಗೆ ಮೊದಲು ತಿಳಿಸು" ಎಂದಿದ್ದಾರೆ. ಕರಾರಿಗೆ ಸಹಿ ಬಿದ್ದ ಮೇಲೆ, ಮೂರು ತಿಂಗಳ ನೋಟಿಸ್ ಡಿಸೆಂಬರ್ 29ಕ್ಕೆ ಹೋಯಿತು. ಹೊಸ ಕೆಲಸಕ್ಕೆ ಸೇರುವ ದಿನ ಏಪ್ರಿಲ್ 1.