ಅಗ್ಗದ ಟ್ರಾನ್ಸ್‌ಫಾರ್ಮರ್‌ನ ನಿಜವಾದ ಬೆಲೆ

ಕಾಲೇಜು ಕ್ಯಾಂಪಸ್ಸೊಂದಕ್ಕೆ 1000 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು, ಎರಡು ಕೊಟೇಶನ್ ಬಂದಿವೆ ಎಂದಿಟ್ಟುಕೊಳ್ಳಿ. ಒಂದು 3 ಲಕ್ಷ ರೂಪಾಯಿ ಅಗ್ಗ. ಆದರೆ ಅದರ ನೋ-ಲೋಡ್ ನಷ್ಟ 0.6 ಕಿಲೋವಾಟ್, ಪೂರ್ಣ ಲೋಡಿನ ನಷ್ಟ 1 ಕಿಲೋವಾಟ್ ಹೆಚ್ಚು.

ನೋ-ಲೋಡ್ ನಷ್ಟ ಒಳಗಿನ ಕಬ್ಬಿಣದ ಕೋರಿನದು. ರಜೆಯಿರಲಿ, ರಾತ್ರಿಯಿರಲಿ, ವರ್ಷದ 8760 ಗಂಟೆಯೂ ಅದು ನಿಲ್ಲದು. ಯೂನಿಟ್ಟಿಗೆ 8 ರೂಪಾಯಿಯಾದರೆ ಕಿಲೋವಾಟಿಗೆ ವರ್ಷಕ್ಕೆ ಸುಮಾರು 70 ಸಾವಿರ. 25 ವರ್ಷಗಳ ಈ ಖರ್ಚನ್ನು ಶೇ. 10 ಬಡ್ಡಿಯ ಲೆಕ್ಕದಲ್ಲಿ ಇಂದಿನ ಮೌಲ್ಯಕ್ಕೆ ತಂದರೆ ಸುಮಾರು 6.36 ಲಕ್ಷ. ಲೋಡ್ ನಷ್ಟ ಹಾಗಲ್ಲ, ಲೋಡಿನ ವರ್ಗದಂತೆ ಏರಿಳಿಯುತ್ತದೆ. ಶೇ. 40 ಲೋಡಿನಲ್ಲಿ ಅದು ಪೂರ್ಣ ನಷ್ಟದ ಶೇ. 16 ಮಾತ್ರ, ಕಿಲೋವಾಟಿಗೆ ಸುಮಾರು 1 ಲಕ್ಷ.

ಎರಡೂ ಸೇರಿ ಹೆಚ್ಚುವರಿ ನಷ್ಟ ಸುಮಾರು 4.8 ಲಕ್ಷ. ಅಗ್ಗವೆಂದುಕೊಂಡದ್ದೇ 1.8 ಲಕ್ಷ ದುಬಾರಿ! ಈ ಎರಡೂ ದರಗಳನ್ನು ಟೆಂಡರಿನಲ್ಲೇ ಬರೆಯಿರಿ. ಪರೀಕ್ಷೆಯಲ್ಲಿ ನಷ್ಟ ಹೆಚ್ಚು ಕಂಡರೆ ಅದೇ ದರದಲ್ಲಿ ಹಣ ಮುರಿದುಕೊಳ್ಳಿ.