ಕೆಲಸ ಉಳೀತು, ನಿದ್ದೆ ಹೋಯ್ತು: ಲೇಆಫ್ ಆದಮೇಲೆ ಉಳಿದವರ ಲೆಕ್ಕ

ಪತ್ರಕರ್ತನಾಗೋ ಮುಂಚೆ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಕೋಡ್ ಬರೀತಿದ್ದೆ. ಒಂದು ಬುಧವಾರ ಬೆಳಗ್ಗೆ ನಮ್ಮ ಟೀಮಲ್ಲಿ ಒಂಬತ್ತು ಜನ ಇದ್ವಿ, ಊಟದ ಹೊತ್ತಿಗೆ ಐದು. ಪಕ್ಕದ ಸೀಟಿನ ಗೆಳೆಯನ ಲಾಗಿನ್ ಬಂದ್ ಆಗಿತ್ತು, ಕಾಫಿ ಮಗ್ ಮಾತ್ರ ಅಲ್ಲೇ ಇತ್ತು. ಅವನಿಗೆ ಮನೆ ಸಾಲ ಇತ್ತು, ನನಗಿರಲಿಲ್ಲ. ಹಾಗಿದ್ರೆ ನಾನ್ಯಾಕೆ ಉಳಿದೆ?

ಈ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಮನಸ್ಸು ಅದನ್ನ ಸಾಲ ಅಂತ ಬರೆದುಕೊಳ್ಳುತ್ತೆ, ಓವರ್‌ಟೈಮ್ ಮಾಡಿ ತೀರಿಸೋಕೆ ಹೊರಡುತ್ತೆ. ಅಮೆರಿಕದ ಸಂಶೋಧಕ ಜೋಯೆಲ್ ಬ್ರಾಕ್ನರ್ 1980ರ ದಶಕದಲ್ಲೇ ಇದನ್ನ ಪ್ರಯೋಗ ಮಾಡಿ ನೋಡಿದ್ದರು. ಜೊತೆಗಿದ್ದವರನ್ನ ಅನ್ಯಾಯವಾಗಿ ಕಳಿಸಿದ್ದನ್ನ ಕಂಡವರು ಮುಂದೆ ಹೆಚ್ಚು ಕೆಲಸ ಮಾಡಿದರು, ಆದರೆ ಕೆಲಸದ ಗುಣಮಟ್ಟ ಏರಲಿಲ್ಲ. ನನ್ನದೂ ಅದೇ ಕಥೆ. ರಾತ್ರಿ ಹನ್ನೊಂದಕ್ಕೆ ಮೆಸೇಜಿಗೆ ಉತ್ತರ ಕೊಡ್ತಿದ್ದೆ, ಬೆಳಗ್ಗೆ ಬೇರೆಯವರ ಕೋಡನ್ನ ಪೂರ್ತಿ ಓದದೇ ಓಕೆ ಅಂತಿದ್ದೆ. ಹೀಗೆ ಓದದೇ ಓಕೆ ಅನ್ನೋಕೆ ಶುರು ಮಾಡಿದ್ದೀರಿ ಅಂದ್ರೆ ದಣಿವು ಆಗಲೇ ಮಿತಿ ದಾಟಿದೆ ಅಂತ ಅರ್ಥ.

ಮೂರನೇ ವಾರ ನಾವು ಐವರು ಕೂತು ಪ್ರತಿ ಕೆಲಸದ ಮುಂದೆ ಗಂಟೆ ಬರೆದ್ವಿ. ಮೊತ್ತ ವಾರಕ್ಕೆ 290. ತಲಾ 40ರಂತೆ ನಮ್ಮ ಹತ್ರ ಇದ್ದದ್ದು 200. ಅಂದ್ರೆ ಪ್ರತಿಯೊಬ್ಬರೂ 58 ಗಂಟೆ ದುಡಿಯಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳೋ ಸಾಮಾನ್ಯ ಮಿತಿ ವಾರಕ್ಕೆ 48. ಒಂಬತ್ತು ವಾರಕ್ಕೊಮ್ಮೆ ಬರ್ತಿದ್ದ ರಾತ್ರಿ ಆನ್-ಕಾಲ್ ಸರದಿಯೂ ಐದು ವಾರಕ್ಕೇ ಬರ್ತಿತ್ತು.

ಮ್ಯಾನೇಜರ್ ಹತ್ರ ಹೋಗಿ ‘ಆಗಲ್ಲ’ ಅನ್ನಲಿಲ್ಲ. ಪಟ್ಟಿಯನ್ನೇ ಇಮೇಲ್ ಮಾಡಿ, ‘ಇದರಲ್ಲಿ 90 ಗಂಟೆಯ ಕೆಲಸ ಯಾವುದನ್ನ ನಿಲ್ಲಿಸೋಣ, ನೀವೇ ಗುರುತು ಹಾಕಿ’ ಅಂದ್ವಿ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನೋದು ಬಾಯಲ್ಲಿ ಸುಲಭ, ಬರವಣಿಗೆಯಲ್ಲಿ ಕಷ್ಟ. ಯಾರೂ ತೆರೆದು ನೋಡದ ಎರಡು ಡ್ಯಾಶ್‌ಬೋರ್ಡ್, ಒಂದು ವಾರದ ವರದಿ ನಿಂತವು. ವಾರವಾರದ ರಿಲೀಸ್ ತಿಂಗಳಿಗೊಂದಾಯ್ತು. ಒಟ್ಟು 60 ಗಂಟೆ ಇಳೀತು, ಉಳಿದ 30 ನಮ್ಮ ತಲೆಗೇ ಬಂತು. 46 ಗಂಟೆ ಆರಾಮಲ್ಲ, ಆದರೂ ನಿದ್ದೆ ಬರ್ತಿತ್ತು.

ಎಲ್ಲಾ ಮ್ಯಾನೇಜರೂ ಗುರುತು ಹಾಕಲ್ಲ. ಆಗ ಲಾಗಿನ್ ಆದ, ಮುಗಿಸಿದ ಸಮಯವನ್ನ ನಿಮ್ಮದೇ ಡೈರಿಯಲ್ಲಿ ಬರೆದಿಡಿ. ಕಾರ್ಮಿಕ ಇಲಾಖೆಗೋ, ಐಟಿ ನೌಕರರ ಸಂಘ ಕೆಐಟಿಯುಗೋ ಹೋಗುವಾಗ ಕೈಯಲ್ಲಿ ಏನಾದ್ರೂ ಇರುತ್ತೆ. ಒಬ್ಬರೇ ಹೋಗೋಕಿಂತ ಐವರೂ ಹೋಗೋದು ವಾಸಿ. ಒಬ್ಬರಾದ್ರೆ ಮುಂದಿನ ಪಟ್ಟಿಗೆ ಹೆಸರು ಸೇರಿಸೋದು ಅವರಿಗೆ ಸುಲಭ.

ಗಂಟೆ ಇಳಿದರೂ ಗಿಲ್ಟ್ ಇಳಿದಿರಲಿಲ್ಲ. ಗೆಳೆಯನಿಗೆ ಫೋನ್ ಮಾಡೋಕೆ ನನಗೆ ಒಂದೂವರೆ ತಿಂಗಳು ಬೇಕಾಯ್ತು. ‘ನೀನೇ ಪುಣ್ಯವಂತ ಬಿಡು, ಆ ಟಾರ್ಚರ್ ತಪ್ತು’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ಸದ್ಯ, ನುಂಗಿಕೊಂಡೆ. ರೆಸ್ಯೂಮೆ ಕಳಿಸು, ಪರಿಚಯದ ಎರಡು ಕಡೆ ರೆಫರ್ ಮಾಡ್ತೀನಿ ಅಂದೆ. ಅವನು ‘ಕಳಿಸ್ತೀನಿ ಮಾರಾಯ’ ಅಂದು, ಸ್ವಲ್ಪ ಸುಮ್ಮನಿದ್ದು ಕೇಳಿದ: “ನನ್ನ ಮಗ್ ಇನ್ನೂ ಅಲ್ಲೇ ಇದ್ಯಾ?”